ಪಾಲುದಾರರು ತೀರಿಕೊಂಡಾಗ: ಆ ದಿನದವರೆಗಿನ ಲಾಭ, ವಾರಸುದಾರರಿಗೆ ಸಲ್ಲಬೇಕಾದ ಹಣ

ನಾನು ಸಣ್ಣ ಪಾಲುದಾರಿಕೆ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಪಾಲುದಾರರೊಬ್ಬರು ತೀರಿಕೊಂಡಾಗ ಬರುವ ಲೆಕ್ಕ ಪಠ್ಯಪುಸ್ತಕದಲ್ಲಿ ಒಂದು ಪುಟದಲ್ಲಿ ಮುಗಿಯುತ್ತದೆ. ನಿಜವಾದ ಸಂಸ್ಥೆಯಲ್ಲಿ ಅದೇ ಲೆಕ್ಕಕ್ಕೆ ಎರಡು ಮನೆಯವರು ಎದುರುಬದುರು ಕೂತಿರುತ್ತಾರೆ. ಅಂಥ ಒಂದು ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಗುರುತು ಸಿಗಬಾರದೆಂದು ಅಂಕಿಗಳನ್ನು ಬದಲಾಯಿಸಿ ಸರಳ ಮಾಡಿದ್ದೇನೆ.

ಶಾಲಾ ಪುಸ್ತಕ, ಬ್ಯಾಗು, ಸಮವಸ್ತ್ರ ಮಾರುವ ಸಂಸ್ಥೆ. ಮೂವರು ಪಾಲುದಾರರು, ಲಾಭದ ಅನುಪಾತ 2:2:1. ಐದರಲ್ಲಿ ಎರಡು ಪಾಲಿದ್ದ ಹಿರಿಯರು ಆಗಸ್ಟ್ 24ರಂದು ತೀರಿಕೊಂಡರು. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಮೊದಲು ನೋಡಿದ್ದು ಪಾಲುದಾರಿಕೆ ಪತ್ರವನ್ನು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 42ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ ಪಾಲುದಾರರ ಸಾವಿನಿಂದ ಸಂಸ್ಥೆಯೇ ವಿಸರ್ಜನೆ ಆಗುತ್ತದೆ. ಇವರ ಪತ್ರದಲ್ಲಿ ಉಳಿದವರು ವ್ಯಾಪಾರ ಮುಂದುವರಿಸಬಹುದು ಎಂದು ಬರೆದಿತ್ತು. ತೀರಿಕೊಂಡವರಿಗೆ "ಆ ದಿನದವರೆಗಿನ ಲಾಭದ ಪಾಲು ಕೊಡತಕ್ಕದ್ದು" ಎಂದೂ ಇತ್ತು. ಆ ಲಾಭವನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದು ಮಾತ್ರ ಇರಲಿಲ್ಲ. ನಾನು ನೋಡಿದ ಪತ್ರಗಳಲ್ಲಿ ಜಾಸ್ತಿ ಇರುವುದು ಇದೇ ಕೊರತೆ.

ಉಳಿದ ಪಾಲುದಾರರಲ್ಲಿ ಒಬ್ಬರು, "ಸುಮ್ನೆ ಹೋದ ವರ್ಷದ ಲಾಭ ತಗೊಂಡು ದಿನದ ಲೆಕ್ಕ ಹಾಕಿಬಿಡಿ ಸಾರ್" ಅಂದರು. ಕಾಲದ ಆಧಾರ ಅನ್ನುವುದು ಇದನ್ನೇ. ಹಿಂದಿನ ವರ್ಷದ ಪುಸ್ತಕದಲ್ಲಿದ್ದ ಲಾಭ 9,60,000 ರೂಪಾಯಿ. ಅದರಲ್ಲಿ 60,000 ಹಳೆಯ ವ್ಯಾನು ಮಾರಿದ್ದರಿಂದ ಬಂದದ್ದು. ಅದು ವ್ಯಾಪಾರದ ಲಾಭವಲ್ಲ, ಈ ವರ್ಷ ಮತ್ತೆ ಬರುವುದೂ ಇಲ್ಲ. ತೆಗೆದರೆ ಉಳಿದದ್ದು 9,00,000. ಏಪ್ರಿಲ್ 1ರಿಂದ ಆಗಸ್ಟ್ 24ರವರೆಗೆ 146 ದಿನ, ಅಂದರೆ 365ರ ಸರಿಯಾಗಿ ಐದರಲ್ಲಿ ಎರಡು ಭಾಗ. ಹಾಗಾಗಿ ಆ ಅವಧಿಯ ಲಾಭ 3,60,000, ಹಿರಿಯರ ಪಾಲು 1,44,000.

ಹಿರಿಯರ ಮಗಳು ಒಪ್ಪಲಿಲ್ಲ. "ಜೂನ್‌ನಲ್ಲಿ ಅಪ್ಪ ಊಟಕ್ಕೂ ಮನೆಗೆ ಬರ್ತಿರಲಿಲ್ಲ ಸಾರ್. ಆ ತಿಂಗಳ ವ್ಯಾಪಾರಾನೂ ಡಿಸೆಂಬರ್ ವ್ಯಾಪಾರಾನೂ ಒಂದೇನಾ?" ಅಂದಳು. ಅವಳ ಮಾತು ಸರಿ. ಕಾಲದ ಆಧಾರ ವರ್ಷವಿಡೀ ಒಂದೇ ಸಮ ಲಾಭ ಬರುತ್ತದೆ ಎಂದು ನಂಬಿಕೊಂಡಿರುತ್ತದೆ. ಶಾಲೆ ತೆರೆಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಮುಗಿಸುವ ಅಂಗಡಿಗೆ ಅದು ಹೊಂದುವುದಿಲ್ಲ.

ಅದಕ್ಕೇ ಮಾರಾಟದ ಆಧಾರಕ್ಕೆ ಬಂದೆ. ಹಿಂದಿನ ವರ್ಷದ ಮಾರಾಟ 1,20,00,000. ಅದರ ಮೇಲೆ 9,00,000 ಲಾಭ ಅಂದರೆ ಶೇಕಡಾ ಏಳೂವರೆ. ಈ ವರ್ಷ ಆಗಸ್ಟ್ 24ರವರೆಗಿನ ಮಾರಾಟ 66,00,000. ಏಪ್ರಿಲ್‌ನಿಂದ ಜುಲೈವರೆಗಿನ ಅಂಕಿಯನ್ನು ಜಿಎಸ್‌ಟಿ ರಿಟರ್ನ್‌ಗಳಿಂದ ತೆಗೆದುಕೊಂಡು, ಆಗಸ್ಟಿನ 24 ದಿನದ್ದನ್ನು ಬಿಲ್ಲುಗಳಿಂದ ಕೂಡಿಸಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಎರಡೂ ವರ್ಷದ ಮಾರಾಟ ತೆರಿಗೆ ಬಿಟ್ಟ ಮೊತ್ತವೇ ಆಗಿರಬೇಕು. ಬಿಲ್ಲಿನ ಒಟ್ಟು ಮೊತ್ತ ಹಾಗೇ ಕೂಡಿಸಿದರೆ ತೆರಿಗೆಯ ಮೇಲೂ ಲಾಭ ಕಟ್ಟಿದಂತಾಗುತ್ತದೆ. ವಾಪಸ್ ಬಂದ ಮಾಲನ್ನೂ ಕಳೆಯಬೇಕು. ಶಾಲಾ ಪುಸ್ತಕದ ವ್ಯಾಪಾರದಲ್ಲಿ ಅದು ಸಣ್ಣ ಮೊತ್ತವಲ್ಲ.

66,00,000ಕ್ಕೆ ಏಳೂವರೆ ಅಂದರೆ 4,95,000. ಹಿರಿಯರ ಪಾಲು 1,98,000. ಕಾಲದ ಆಧಾರಕ್ಕಿಂತ 54,000 ಜಾಸ್ತಿ.

ಮಾರಾಟದ ಆಧಾರವೂ ಪಕ್ಕಾ ಅಲ್ಲ. ಸೀಸನ್ನಿನಲ್ಲಿ ಶಾಲೆಗಳಿಗೆ ರಿಯಾಯಿತಿ ಹೆಚ್ಚು ಕೊಟ್ಟಿದ್ದರೆ ಮಾರ್ಜಿನ್ ಇಳಿದಿರುತ್ತದೆ. ಇನ್ನೊಂದು ಕಡೆ, ಬಾಡಿಗೆ ಮತ್ತು ಸಂಬಳ ಪ್ರತಿ ತಿಂಗಳೂ ಅಷ್ಟೇ ಇರುವುದರಿಂದ ವ್ಯಾಪಾರ ಜೋರಿದ್ದ ತಿಂಗಳ ನಿಜವಾದ ಲಾಭ ಏಳೂವರೆಗಿಂತ ಮೇಲಿರಲೂಬಹುದು. ಸರಿಯಾದ ದಾರಿ ಅಂದರೆ ಆ ದಿನವೇ ದಾಸ್ತಾನು ಎಣಿಸಿ ಲೆಕ್ಕ ಮುಗಿಸುವುದು. ಆದರೆ ಸಾವಿನ ಮನೆಯಲ್ಲಿ ಗೋದಾಮು ಎಣಿಸಿ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಎರಡೂ ಕಡೆಯವರು ಮಾರಾಟದ ಆಧಾರಕ್ಕೆ ಒಪ್ಪಿ ಸಹಿ ಹಾಕಿದರು. ಪತ್ರದಲ್ಲೇ ವಿಧಾನ ಬರೆದಿದ್ದರೆ ಈ ಚರ್ಚೆಗೆ ಜಾಗವಿರುತ್ತಿರಲಿಲ್ಲ. ಅಲ್ಲಿದ್ದದ್ದೇ ನಡೆಯಬೇಕಿತ್ತು.

1,98,000ವನ್ನು ಲಾಭ ನಷ್ಟ ಸಸ್ಪೆನ್ಸ್ ಖಾತೆಗೆ ಖರ್ಚು ಹಾಕಿ, ಹಿರಿಯರ ಬಂಡವಾಳ ಖಾತೆಗೆ ಜಮಾ ಮಾಡಿದೆ. ವರ್ಷದ ನಡುವೆ ನಿಜವಾದ ಲಾಭ ಇನ್ನೂ ಗೊತ್ತಿರುವುದಿಲ್ಲ, ಅದಕ್ಕೇ ಈ ಸಸ್ಪೆನ್ಸ್. ಮಾರ್ಚ್‌ನಲ್ಲಿ ವರ್ಷದ ಲಾಭ ಬಂದ ಮೇಲೆ ಅದರಿಂದ ಇದನ್ನು ಕಳೆದರೆ ಖಾತೆ ಮುಗಿಯುತ್ತದೆ. ಉಳಿದಿಬ್ಬರ ನಡುವಿನ 2:1 ಅನುಪಾತ ಬದಲಾಗದ ಕಾರಣ ಇಷ್ಟು ಸಾಕಾಯಿತು. ಅವರು ಹೊಸ ಅನುಪಾತ ಮಾಡಿಕೊಂಡಿದ್ದರೆ, ಯಾರ ಪಾಲು ಎಷ್ಟು ಹೆಚ್ಚಿತೋ ಆ ಪ್ರಮಾಣದಲ್ಲಿ ಅವರವರ ಬಂಡವಾಳ ಖಾತೆಗೇ ಖರ್ಚು ಹಾಕಬೇಕಿತ್ತು.

ಇನ್ನು ಉಳಿದ ಬಾಬ್ತುಗಳು. ಏಪ್ರಿಲ್ 1ಕ್ಕೆ ಹಿರಿಯರ ಬಂಡವಾಳ 6,00,000. ಪತ್ರದಂತೆ ಶೇಕಡಾ 12 ಬಡ್ಡಿ, 146 ದಿನಕ್ಕೆ 28,800. ಮೇಲೆ ಹಿಡಿದ 9,00,000 ಲಾಭ ಬಂಡವಾಳದ ಬಡ್ಡಿ ಕಳೆದ ಮೇಲಿನದ್ದು. ಹಾಗಾಗಿ ಬಡ್ಡಿಯನ್ನು ಬೇರೆಯಾಗಿ ಕೊಡುವುದು ಸರಿ. ಬಡ್ಡಿ ಕಳೆಯದ ಲಾಭ ಹಿಡಿದು ಮತ್ತೆ ಬಡ್ಡಿಯನ್ನೂ ಕೊಟ್ಟರೆ ಅದೇ ಹಣದ ಒಂದು ಭಾಗ ಎರಡು ಸಲ ಹೋಗುತ್ತದೆ. ಸಾಮಾನ್ಯ ಮೀಸಲು 1,50,000ದಲ್ಲಿ ಅವರ ಪಾಲು 60,000.

ಗುಡ್‌ವಿಲ್‌ಗೆ, ಅಂದರೆ ವ್ಯಾಪಾರ ಗಳಿಸಿದ ಹೆಸರಿನ ಬೆಲೆಗೆ, ಪತ್ರದಲ್ಲಿ ಸ್ಪಷ್ಟ ವಿಧಾನವಿತ್ತು: ಮೂರು ವರ್ಷದ ಸರಾಸರಿ ಲಾಭದ ಎರಡು ಪಟ್ಟು. ಲಾಭಗಳು 6,00,000, 7,50,000, 9,00,000. ಸರಾಸರಿ 7,50,000, ಗುಡ್‌ವಿಲ್ 15,00,000, ಹಿರಿಯರ ಪಾಲು 6,00,000. ಇದಕ್ಕಾಗಿ ಪುಸ್ತಕದಲ್ಲಿ ಗುಡ್‌ವಿಲ್ ಖಾತೆ ತೆರೆಯುವುದಿಲ್ಲ. ಉಳಿದಿಬ್ಬರ ಬಂಡವಾಳದಿಂದ 4,00,000 ಮತ್ತು 2,00,000 ಇಳಿಸಿ ಹಿರಿಯರ ಖಾತೆಗೆ ಏರಿಸಬೇಕು.

ಕಳೆಯುವ ಕಡೆ, ಮಾರಾಟವಾಗದ ಹಳೆಯ ಸಿಲೆಬಸ್ಸಿನ ಪುಸ್ತಕಗಳ ಬೆಲೆ ಇಳಿಸಿದ್ದರಿಂದ ಬಂದ 50,000 ನಷ್ಟದಲ್ಲಿ ಅವರದ್ದು 20,000. ಮನೆಖರ್ಚಿಗೆ ತೆಗೆದುಕೊಂಡದ್ದು 60,000. ಇದರ ಜೊತೆ ಇನ್ನೊಂದು 80,000 ಸಿಕ್ಕಿತು. ಅದು ಆಸ್ಪತ್ರೆಯ ಬಿಲ್ಲು. ಸಂಸ್ಥೆಯ ಖಾತೆಯಿಂದ ಕಟ್ಟಿ, ಇತರೆ ಖರ್ಚು ಎಂದು ಬರೆದಿದ್ದರು. ಪ್ರೀತಿಯಿಂದಲೇ ಕಟ್ಟಿದ್ದು, ಆದರೆ ಅದು ವ್ಯಾಪಾರದ ಖರ್ಚಲ್ಲ. ಅದನ್ನು ಹಿರಿಯರ ಡ್ರಾಯಿಂಗ್ಸ್‌ಗೆ ತಂದೆ. ಕೊನೆಯ ಕೆಲವು ವಾರಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ಒಂದೊಂದೇ ಸಾಲು ಓದಿದರೆ ಇಂಥವು ಸಿಗುತ್ತವೆ. ಆ ದಿನಗಳಲ್ಲಿ ಯಾರೂ ಸರಿಯಾಗಿ ವಿವರ ಬರೆದಿರುವುದಿಲ್ಲ.

ಜಮಾ ಒಟ್ಟು 14,86,800, ಖರ್ಚು ಒಟ್ಟು 1,60,000. ಉಳಿದ 13,26,800 ಅವರ ವಾರಸುದಾರರ ಖಾತೆಗೆ ಹೋಯಿತು. ಅಲ್ಲಿಂದಾಚೆ ಅದು ಬಂಡವಾಳವಲ್ಲ, ಸಂಸ್ಥೆಯ ಸಾಲ. ವಾರಸುದಾರರು ಪಾಲುದಾರರಾಗುವುದಿಲ್ಲ. ಆಗಸ್ಟ್ 24ರ ನಂತರ ಸಂಸ್ಥೆ ಮಾಡಿದ ಸಾಲಕ್ಕೆ ಹಿರಿಯರ ಆಸ್ತಿ ಹೊಣೆಯೂ ಅಲ್ಲ.

ಕೊಡುವುದು ಯಾರಿಗೆ? ಹೆಂಡತಿಗೆ ಚೆಕ್ ಬರೆದರೆ ಆಯಿತು ಎಂದು ಎಲ್ಲರೂ ಅಂದುಕೊಂಡಿದ್ದರು. ವಂಶವೃಕ್ಷ ತರಿಸಿ ನೋಡಿದರೆ ಹಿರಿಯರ ತಾಯಿ ಇನ್ನೂ ಇದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಮೊದಲ ದರ್ಜೆಯ ವಾರಸುದಾರರಲ್ಲಿ ಹೆಂಡತಿ ಮಕ್ಕಳ ಜೊತೆ ತಾಯಿಯೂ ಸೇರುತ್ತಾರೆ. ತಂದೆ ಆ ದರ್ಜೆಯಲ್ಲಿಲ್ಲ. ಹೀಗಾಗಿ ಲೆಕ್ಕದ ಹಾಳೆಗೆ ಅಜ್ಜಿಯ ಸಹಿಯೂ ಬೇಕಾಯಿತು. ವಾರಸುದಾರರಲ್ಲೇ ಜಗಳವಿದ್ದರೆ ನಾನು ಸಹಿಗೆ ಕಾಯುವುದಿಲ್ಲ, ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಅನ್ನುತ್ತೇನೆ.

ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿತ್ತು. ಹಣ ಅಷ್ಟು ದಿನ ವ್ಯಾಪಾರದಲ್ಲೇ ತಿರುಗುತ್ತಿತ್ತು. ಇಲ್ಲಿ ಪಾಲುದಾರಿಕೆ ಕಾಯ್ದೆಯ 37ನೇ ಕಲಂ ಬರುತ್ತದೆ. ಲೆಕ್ಕ ತೀರಿಸದೆ ಉಳಿದವರು ವ್ಯಾಪಾರ ಮುಂದುವರಿಸಿದರೆ, ಬೇರೆ ಕರಾರು ಇಲ್ಲದಿದ್ದಾಗ, ವಾರಸುದಾರರು ಎರಡರಲ್ಲಿ ಒಂದನ್ನು ಕೇಳಬಹುದು: ಬಾಕಿ ಹಣಕ್ಕೆ ವರ್ಷಕ್ಕೆ ಶೇಕಡಾ 6 ಬಡ್ಡಿ, ಇಲ್ಲವೇ ಆ ಹಣದಿಂದ ದುಡಿದ ಲಾಭದ ಪಾಲು. ಆಯ್ಕೆ ವಾರಸುದಾರರದ್ದು, ಸಂಸ್ಥೆಯದ್ದಲ್ಲ. ಉಳಿದ ಪಾಲುದಾರರಿಗೆ ಇದು ಗೊತ್ತೇ ಇರಲಿಲ್ಲ. ಅವರು 6ರ ಬಡ್ಡಿ ಕೊಟ್ಟು ಮುಗಿಸುವ ಅಂದಾಜಿನಲ್ಲಿದ್ದರು.

219 ದಿನಕ್ಕೆ ಆ ಬಡ್ಡಿ 47,765 ರೂಪಾಯಿ ಆಗುತ್ತದೆ. ಇನ್ನೊಂದು ದಾರಿ ನೋಡಿ. ವಾರಸುದಾರರಿಗೆ ಏನೂ ಕೊಡುವ ಮುಂಚಿನ ವರ್ಷದ ಲಾಭ 9,40,000 ಬಂತು. ಅದರಲ್ಲಿ 4,95,000 ಹಿರಿಯರಿದ್ದ ಅವಧಿಯದ್ದು, ಉಳಿದ 4,45,000 ಆಮೇಲಿನದ್ದು. ಆ ಅವಧಿಯಲ್ಲಿ ವ್ಯಾಪಾರದಲ್ಲಿ ತೊಡಗಿದ್ದ ಒಟ್ಟು ಹಣದಲ್ಲಿ ಹಿರಿಯರದ್ದು ಹೆಚ್ಚುಕಡಿಮೆ ಅರ್ಧ. ಅಂದರೆ ಸುಮಾರು 2,22,000. ಇಷ್ಟೊಂದು ಅಂತರ!

ಅಷ್ಟನ್ನೂ ಕೊಡಿ ಅನ್ನುವುದು ನ್ಯಾಯವೇ ಎಂದು ಉಳಿದವರು ಕೇಳಿದರು. ಅವರ ದುಡಿಮೆಯ ಬೆಲೆ, ಅಂದರೆ ಸಂಬಳ, ಲಾಭ ತೆಗೆಯುವ ಮುಂಚೆಯೇ ಕಳೆದಿದೆ ಎಂದು ತೋರಿಸಿದೆ. ಆದರೂ ಬರೀ ಹಣದಿಂದಷ್ಟೇ ಬಂದ ಲಾಭ ಎಷ್ಟು ಎಂಬುದಕ್ಕೆ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆಯಬಹುದು. ಎರಡೂ ಅಂಕಿಯನ್ನು ಒಂದೇ ಹಾಳೆಯಲ್ಲಿಟ್ಟು ಇಬ್ಬರಿಗೂ ಕೊಟ್ಟೆ. ಕೊನೆಗೆ 1,30,000ಕ್ಕೆ ಒಪ್ಪಿದರು.

13,26,800ರಲ್ಲಿ 5,26,800 ಮತ್ತು ಈ 1,30,000 ಒಟ್ಟಿಗೆ ಹೋಯಿತು. ಉಳಿದ 8,00,000ಕ್ಕೆ ಬರವಣಿಗೆಯಲ್ಲಿ ಕರಾರು ಮಾಡಿದೆವು: ಎರಡು ವಾರ್ಷಿಕ ಕಂತು, ಉಳಿದ ಬಾಕಿಗೆ ಶೇಕಡಾ 9 ಬಡ್ಡಿ. ಮೊದಲ ಕಂತು ಬಡ್ಡಿ ಸೇರಿ 4,72,000, ಎರಡನೆಯದು 4,36,000. ಈ ಕರಾರಿನ ಮೊದಲ ಸಾಲಿನಲ್ಲೇ, ಲಾಭದ ಪಾಲು ಕೇಳುವ ಹಕ್ಕು ಇಲ್ಲಿಗೆ ತೀರಿತು ಎಂದು ಬರೆಸಿದೆ. ಆ ಸಾಲು ಇಲ್ಲದಿದ್ದರೆ ಮುಂದಿನ ಮಾರ್ಚ್‌ನಲ್ಲಿ ಅದೇ ಪ್ರಶ್ನೆ ಮತ್ತೆ ಮೇಜಿನ ಮೇಲಿರುತ್ತಿತ್ತು.