ಗೃಹಪ್ರವೇಶದ ದಿನ ಒಪ್ಪುವ ಮುಂಚೆ ತಾರಾಬಲ ಎಣಿಸಿ
ಪುರೋಹಿತರು ಎರಡು ಮೂರು ದಿನ ಕೊಟ್ಟರೆ, ಯಜಮಾನರ ಜನ್ಮ ನಕ್ಷತ್ರವನ್ನೂ ಸೇರಿಸಿ ಆ ದಿನದ ನಕ್ಷತ್ರದವರೆಗೆ ಎಣಿಸಿ, 9ರಿಂದ ಭಾಗಿಸಿ. ಶೇಷ 1, 3, 5, 7 ಬಂದರೆ ಬಿಡಿ. 2, 4, 6, 8, 0 ಒಳ್ಳೆಯದು. ಪಂಚಾಂಗದಲ್ಲಿ ‘ಗೃಹಪ್ರವೇಶಕ್ಕೆ ಶುಭ’ ಅಂತ ಇರೋದು ಎಲ್ಲರಿಗೂ ಸೇರಿಸಿ. ಈ ಎಣಿಕೆ ನಿಮ್ಮ ಮನೆಯವರಿಗೆ ಮಾತ್ರ. ರೋಹಿಣಿಯವರಿಗೆ ಅನುರಾಧ 14ನೆಯದು, ಶೇಷ 5. ಗೃಹಪ್ರವೇಶಕ್ಕೆ ಒಳ್ಳೆಯ ನಕ್ಷತ್ರವೇ, ಆದರೆ ಇವರಿಗೆ ಪ್ರತ್ಯಕ್ ತಾರೆ, ಬೇಡ. ಉತ್ತರಾಷಾಢ 18ನೆಯದು, ಶೇಷ 0, ಪರಮಮಿತ್ರ ತಾರೆ. ಇಲ್ಲೂ ಒಂದು ತೊಡಕಿದೆ. ಅದರ ಮೊದಲ ಪಾದ ಧನು ರಾಶಿಯಲ್ಲಿ ಬರುತ್ತೆ, ರೋಹಿಣಿಯವರ ರಾಶಿ ವೃಷಭಕ್ಕೆ ಅದು ಎಂಟನೆಯದು, ಅಂದರೆ ಅಷ್ಟಮ ಚಂದ್ರ, ಒಳ್ಳೆಯದಲ್ಲ. ಹಾಗಾಗಿ ಚಂದ್ರ ಮಕರಕ್ಕೆ ಬಂದ ಮೇಲಿನ ಲಗ್ನವನ್ನೇ ಕೇಳಿ. ನಕ್ಷತ್ರ ಮುಗಿಯುವ ಹೊತ್ತನ್ನೂ ಬೆಂಗಳೂರಿನ ಪಂಚಾಂಗದಲ್ಲೇ ನೋಡಿ. ಭಾನುವಾರ ಛತ್ರ ಸಿಕ್ಕಿತು ಅಂತ ಸುಮ್ನೆ ಅಡ್ವಾನ್ಸ್ ಕೊಡಬೇಡಿ.