ಸ್ಟಾರ್ ಕೊಟ್ಟೆ, 27 ಜಿಬಿ ಲೆಕ್ಕಕ್ಕೆ ಸಿಗಲಿಲ್ಲ

ಲ್ಯಾಪ್‌ಟಾಪ್‌ನ ಡಿಸ್ಕ್ ತುಂಬಿಹೋಗಿತ್ತು. ಯಾವ ಫೋಲ್ಡರ್ ಜಾಸ್ತಿ ಜಾಗ ತಿನ್ನುತ್ತಿದೆ ಅಂತ ನೋಡೋಣ ಎಂದು ಹೋಮ್ ಫೋಲ್ಡರ್‌ನಲ್ಲಿ ನಿಂತು ಹೀಗೆ ಟೈಪ್ ಮಾಡಿದೆ:

```
du -sh */
```

ಕೊನೆಯ ಸ್ಲ್ಯಾಶ್ ಇದ್ದರೆ ಬರೀ ಫೋಲ್ಡರ್‌ಗಳು ಬರುತ್ತವೆ, ಬಿಡಿ ಫೈಲ್‌ಗಳು ಬರುವುದಿಲ್ಲ. (ಫೋಲ್ಡರ್‌ಗೆ ಹೋಗುವ ಸಿಮ್‌ಲಿಂಕ್ ಇದ್ದರೆ ಅದೂ ಬರುತ್ತದೆ, ನನ್ನಲ್ಲಿ ಇರಲಿಲ್ಲ.) ಬಂದದ್ದನ್ನೆಲ್ಲ ಕೂಡಿದರೆ 11 ಜಿಬಿ. ಆದರೆ `du -sh .` ಕೊಟ್ಟರೆ 38 ಜಿಬಿ! ಬಿಡಿ ಫೈಲ್‌ಗಳು ಇರಬಹುದು ಅಂದುಕೊಂಡೆ. ನೋಡಿದರೆ ಅವು ಕೆಲವೇ ಎಂಬಿ.

ಮೊದಲು `du` ಮೇಲೆಯೇ ಅನುಮಾನ ಬಂತು. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಸ್ಟಾರ್ ಅನ್ನು ಬಿಡಿಸುವುದು ಶೆಲ್. `du` ಕೈಗೆ ಸಿಗುವುದು ಆಗಲೇ ಸಿದ್ಧವಾದ ಹೆಸರುಗಳ ಪಟ್ಟಿ. ಆ ಪಟ್ಟಿ ನೋಡಬೇಕಾದರೆ `echo */` ಕೊಟ್ಟರೆ ಸಾಕು. ಕೊಟ್ಟೆ. ಚುಕ್ಕೆಯಿಂದ ಶುರುವಾಗುವ ಒಂದು ಹೆಸರೂ ಅದರಲ್ಲಿರಲಿಲ್ಲ.

ಶೆಲ್‌ನ ನಿಯಮವೇ ಹಾಗೆ: ಹೆಸರಿನ ಮೊದಲ ಅಕ್ಷರ ಚುಕ್ಕೆಯಾಗಿದ್ದರೆ, ಪ್ಯಾಟರ್ನ್‌ನಲ್ಲೂ ಆ ಚುಕ್ಕೆಯನ್ನು ನಾವೇ ಬರೆಯಬೇಕು. ಸ್ಟಾರ್ ಆಗಲಿ, ಪ್ರಶ್ನೆ ಚಿಹ್ನೆಯಾಗಲಿ ಅದಕ್ಕೆ ಹೊಂದುವುದಿಲ್ಲ. ಇದು ಬೇಕಾಗಿಯೇ ಇರುವ ನಿಯಮ. ಪ್ರತಿ ಫೋಲ್ಡರ್‌ನಲ್ಲೂ `.` ಮತ್ತು `..` ಅಂತ ಎರಡು ಹೆಸರು ಇರುತ್ತವೆ. ಒಂದು ಅದೇ ಫೋಲ್ಡರ್, ಇನ್ನೊಂದು ಅದರ ಮೇಲಿನದು. ಸ್ಟಾರ್ ಇವನ್ನೂ ಹಿಡಿದಿದ್ದರೆ ಪ್ರತಿ ಕಮಾಂಡೂ ಮೇಲಿನ ಫೋಲ್ಡರ್‌ಗೆ ಹತ್ತಿಬಿಡುತ್ತಿತ್ತು, ಅಲ್ವಾ?

ಅದು ಗೊತ್ತಿದ್ದೂ ನಾನು ಸುಮ್ನೆ `du -sh .*/` ಹೊಡೆದೆ. `./` ಮತ್ತು `../` ಎರಡೂ ಪಟ್ಟಿಗೆ ಸೇರಿದವು. ಮೇಲಿನ ಫೋಲ್ಡರನ್ನೂ ಅಳೆಯುತ್ತಾ ಕೂತಿತು, ಅಂಕಿಗಳು ಅರ್ಥವಾಗಲಿಲ್ಲ. ಬ್ಯಾಶ್ 5.2ರಿಂದ ಈಚೆಗೆ ಇವೆರಡನ್ನು ತಾನಾಗಿಯೇ ಬಿಡುತ್ತದೆ, ನನ್ನದು ಹಳೆಯದು. ಅಳತೆಯಾದ್ದರಿಂದ ಬಚಾವಾದೆ. `chown -R` ಆಗಿದ್ದರೆ ಕಥೆ ಬೇರೆಯಾಗುತ್ತಿತ್ತು.

ಸರಿಯಾದ ಪ್ಯಾಟರ್ನ್ ಇದು:

```
du -sh .[!.]*/ | sort -h
```

ಮೊದಲು ಚುಕ್ಕೆ, ಆಮೇಲೆ ಚುಕ್ಕೆ ಅಲ್ಲದ ಒಂದು ಅಕ್ಷರ, ಆಮೇಲೆ ಏನಾದರೂ ಸರಿ. `..` ಇದಕ್ಕೆ ಸಿಗುವುದಿಲ್ಲ. ಎರಡು ಚುಕ್ಕೆಯಿಂದ ಶುರುವಾಗುವ `..old` ತರಹದ ಹೆಸರೂ ತಪ್ಪಿಹೋಗುತ್ತದೆ, ಆದರೆ ಅಂಥ ಹೆಸರು ಯಾರಿಡುತ್ತಾರೆ? ಸಾಲಿನ ಕೊನೆಯಲ್ಲಿ ಕಳ್ಳ ಸಿಕ್ಕಿದ: `.cache/` ಒಂದೇ 22 ಜಿಬಿ.

ಈಗ ಎರಡನ್ನೂ ಒಟ್ಟಿಗೆ ನೋಡಲು ಬ್ಯಾಶ್‌ನ `dotglob` ಬಳಸುತ್ತೇನೆ:

```
(shopt -s dotglob; du -sh */ | sort -h)
```

ಇದು ಚುಕ್ಕೆ ಹೆಸರುಗಳನ್ನು ಸೇರಿಸಿಕೊಳ್ಳುತ್ತದೆ, ಆದರೆ `.` ಮತ್ತು `..` ಅನ್ನು ಮುಟ್ಟುವುದಿಲ್ಲ. ಸುತ್ತ ಬ್ರಾಕೆಟ್ ಹಾಕಿದ್ದು ಆ ಸೆಟ್ಟಿಂಗ್ ಆ ಒಂದು ಸಾಲಿಗಷ್ಟೇ ಇರಲಿ ಅಂತ. ಟರ್ಮಿನಲ್‌ನಲ್ಲಿ ಅದನ್ನು ಹಾಗೇ ಬಿಟ್ಟರೆ, ಆಮೇಲೆ ಯಾವಾಗಲೋ ಕೊಟ್ಟ `rm -r */` ನಿಮ್ಮ `.git` ಅನ್ನೂ ಒಯ್ಯುತ್ತದೆ.