ಮೆಣಸಿನಕಾಯಿ ರಿಪೋರ್ಟಿಗೆ ಮೂರು ಲಾಟಿನ ಪರೀಕ್ಷೆ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಕಡ್ಡಿ, ಡಬ್ಬಿ ಅಂತ ತಳಿವಾರು ಸರಾಸರಿ ದರ ತೆಗೆಯುವ ಎಕ್ಸೆಲ್ ರಿಪೋರ್ಟನ್ನು ಒಬ್ಬ ಹುಡುಗ ಮಾಡಿಕೊಟ್ಟ. ನೋಡೋಕೆ ಚೆಂದ ಇತ್ತು. ಆದರೆ ನಿಜವಾದ ಲಾಟುಗಳನ್ನು ಕೊಡುವ ಮೊದಲು, ಉತ್ತರ ನನಗೆ ಗೊತ್ತಿರುವ ಲಾಟುಗಳನ್ನೇ ಕೊಟ್ಟೆ.

ಕಡ್ಡಿಯ ಮೂರು ಲಾಟು ಬರೆದುಕೊಂಡೆ. ಕ್ವಿಂಟಲಿಗೆ 30,000ದಂತೆ 2 ಕ್ವಿಂಟಲ್, 10,000ದಂತೆ 8 ಕ್ವಿಂಟಲ್, 20,000ದಂತೆ 5 ಕ್ವಿಂಟಲ್. ಒಟ್ಟು 15 ಕ್ವಿಂಟಲ್, 2,40,000 ರೂಪಾಯಿ. ಸರಾಸರಿ 16,000.

ಅಂಕಿಗಳನ್ನು ಸುಮ್ನೆ ಆರಿಸಿದ್ದಲ್ಲ. ತೂಕ ಬಿಟ್ಟು ದರಗಳನ್ನಷ್ಟೇ ಕೂಡಿ ಭಾಗಿಸಿದರೆ 20,000 ಬರುತ್ತೆ. ಮೂರನೇ ಲಾಟಿನ 5 ಅನ್ನು ಬೇಕಂತಲೇ ಟೆಕ್ಸ್ಟ್ ಆಗಿ ಹಾಕಿದ್ದೆ. ಕಾಟಾದ ಸಾಫ್ಟ್‌ವೇರ್‌ನಿಂದ ತಂದ ಅಂಕಿ ಹೀಗೆ ಬರುವುದುಂಟು, SUM ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತೆ. ಆಗ ಉತ್ತರ 14,000. ಅಂದ್ರೆ ತಪ್ಪು ಉತ್ತರ ನೋಡಿದರೇ ತಪ್ಪು ಯಾವುದು ಅಂತ ತಿಳಿಯುತ್ತೆ. ಮೂರೂ ಲಾಟಿಗೆ ಒಂದೇ ತೂಕ ಇಟ್ಟಿದ್ದರೆ ಮೊದಲ ತಪ್ಪು ಕಾಣುತ್ತಲೇ ಇರಲಿಲ್ಲ.

ರಿಪೋರ್ಟ್ 20,000 ಅಂದಿತು. ಒಳಗೆ AVERAGE ಇತ್ತು. ತೂಕ B ಕಾಲಮ್ಮಿನಲ್ಲಿ, ದರ Cಯಲ್ಲಿ, ಹೀಗೆ ಬದಲಿಸಿದೆವು:

```
=SUMPRODUCT(B2:B4,C2:C4)/SUM(B2:B4)
```

ಈಗ 14,000. ಆ 5 ಅನ್ನು ಸಂಖ್ಯೆ ಮಾಡಿದ ಮೇಲೆ 16,000 ಬಂತು.

ಮೂರು ಲಾಟಿನ ಪರೀಕ್ಷೆಗೆ ಒಂದು ಮಿತಿ ಇದೆ. ಸೂತ್ರ 500ನೇ ಸಾಲಿಗೇ ನಿಂತಿದ್ದರೆ ಇದರಲ್ಲಿ ಗೊತ್ತಾಗಲ್ಲ. ಸೀಸನ್ನಿನಲ್ಲಿ ಲಾಟು ಜಾಸ್ತಿ ಬಂದಾಗ ಕೊನೆಯ ಸಾಲುಗಳು ಬಿಟ್ಟುಹೋಗುತ್ತವೆ. ಅದಕ್ಕೆ ದಿನಾ ಲಾಟುಗಳ ಸಂಖ್ಯೆ, ಒಟ್ಟು ತೂಕ ಎರಡನ್ನೂ ಕಾಟಾ ಪುಸ್ತಕಕ್ಕೆ ತಾಳೆ ನೋಡುತ್ತೇನೆ.

ಆಮೇಲೆ ಶುರುವಾಗಿದ್ದು ಬದಲಾವಣೆಗಳ ಕಾಟ. ಲೆಕ್ಕ ಮುಗಿದ ಒಂದು ತಿಂಗಳ ಮೂಲ ಸಾಲುಗಳನ್ನೂ ಆಗಿನ ರಿಪೋರ್ಟನ್ನೂ ಬೇರೆ ಫೈಲಿನಲ್ಲಿ ಇಟ್ಟಿದ್ದೇನೆ. ರಿಪೋರ್ಟನ್ನು ಸೂತ್ರ ಬಿಟ್ಟು ಬರೀ ಅಂಕಿಯಾಗಿ ಪೇಸ್ಟ್ ಮಾಡಬೇಕು, ಇಲ್ಲವಾದರೆ ಹಳೆಯದೂ ಹೊಸದರ ಜೊತೆ ಬದಲಾಗುತ್ತೆ. ಯಾರೇ ಸೂತ್ರ ಮುಟ್ಟಿದರೂ ಅದೇ ಸಾಲುಗಳನ್ನು ಮತ್ತೆ ಓಡಿಸಿ, ಹಳೆಯದರಿಂದ ಹೊಸದನ್ನು ಕಳೆಯುತ್ತೇನೆ. ಎಲ್ಲಾ ಕಡೆ ಸೊನ್ನೆ ಬರಬೇಕು.

ಒಮ್ಮೆ ಬರಲಿಲ್ಲ. ಕಡ್ಡಿಯ ಒಟ್ಟು ತೂಕ ಇಳಿದಿತ್ತು. ಮೂಲ ಸಾಲುಗಳು ಹಾಗೇ ಇದ್ದವು, ಹಾಗಾಗಿ ತಪ್ಪು ಸೂತ್ರದ್ದೇ. ರೈತ ದರ ಒಪ್ಪದೆ ರದ್ದಾದ ಲಾಟು ಬಿಡಲೆಂದು ಹುಡುಗ "ಮಾರಾಟ" ಅಂತ ಬರೆದ ಸಾಲುಗಳನ್ನಷ್ಟೇ ತೆಗೆದುಕೊಂಡಿದ್ದ. ಹಳೆಯ ಸಾಲುಗಳಲ್ಲಿ ಎಷ್ಟೋ ಕಡೆ ಆ ಕಾಲಮ್ಮು ಖಾಲಿ!

"ರದ್ದು ಅಂತ ಇದ್ದದ್ದನ್ನಷ್ಟೇ ಬಿಡಪ್ಪ," ಅಂದೆ. ಬದಲಿಸಿ ಓಡಿಸಿದ, ಸೊನ್ನೆ ಬಂತು. ತಾರೀಖು, ಬದಲಿಸಿದವರ ಹೆಸರು, ಕಾರಣ ಮೂರನ್ನೂ ಅದೇ ಫೈಲಿನ ಕೊನೆಯ ಹಾಳೆಯಲ್ಲಿ ಬರೆಸಿದೆ. ಪರೀಕ್ಷೆಯ ಲಾಟುಗಳಿಗೆ ಖಾಲಿ ಕಾಲಮ್ಮಿನದೊಂದು, ರದ್ದಾದದ್ದೊಂದು ಸೇರಿಸಿದ್ದೇನೆ.